ಫೋಟೋದಲ್ಲಿ ಬಂದ ಮನೆ ನಕ್ಷೆ: ಅಳೆಯಬೇಡಿ, ಎಣಿಸಿ

ಮನೆ ನಕ್ಷೆಯ ಫೋಟೋ ವಾಟ್ಸಾಪಿನಲ್ಲಿ ಬಂದ ಕೂಡಲೇ ನಾವೆಲ್ಲ ಮಾಡೋದು ಒಂದೇ. ಎರಡು ಬೆರಳಿಟ್ಟು ಹಿಗ್ಗಿಸಿ, "ಈ ರೂಮು ಸ್ವಲ್ಪ ಚಿಕ್ಕದಾಯ್ತಲ್ವಾ?" ಅಂತ ಅಭಿಪ್ರಾಯ ಕೊಡೋದು. ನನ್ನ ಪ್ರಕಾರ ಫೋಟೋ ನೋಡಿ ಹೇಳಬಾರದ ಮಾತು ಅಂತ ಒಂದಿದ್ದರೆ ಅದು ಇದೇ. ಫೋಟೋದಲ್ಲಿರುವ ನಕ್ಷೆಯನ್ನು ಓದಬಹುದು, ಎಣಿಸಬಹುದು. ಅಳೆಯೋಕೆ ಮಾತ್ರ ಹೋಗಬಾರದು.

ಕಾರಣ ಸರಳ. ಹಾಸಿಗೆ ಮೇಲೆ ಹಾಳೆ ಹರಡಿ ಒಂದು ಬದಿ ನಿಂತು ಫೋಟೋ ತೆಗೆದರೆ ನಮ್ಮ ಕಡೆಯ ಅಂಚು ದೊಡ್ಡದಾಗಿಯೂ ಆಚೆ ಅಂಚು ಚಿಕ್ಕದಾಗಿಯೂ ಬೀಳುತ್ತದೆ. ಮುಂದಿನ ಗೋಡೆಯ 4 ಅಡಿ ಕಿಟಕಿ ಹಿಂದಿನ ಗೋಡೆಯ 4 ಅಡಿ ಕಿಟಕಿಗಿಂತ ಅಗಲ ಕಾಣುತ್ತದೆ. ಮೂಲೆಯಲ್ಲಿ 1:100 ಅಂತ ಬರೆದಿದ್ದರೂ ಅದು ಮುದ್ರಿಸಿದ ಹಾಳೆಗೆ ಹೇಳಿದ ಮಾತು, ನಿಮ್ಮ ಮೊಬೈಲಿನ ಪರದೆಗಲ್ಲ. ಸ್ಕ್ಯಾನ್ ಮಾಡುವ ಆ್ಯಪ್‌ಗಳು ಹಾಳೆಯ ನಾಲ್ಕು ಮೂಲೆ ಹಿಡಿದು ಚೌಕ ಮಾಡಿಕೊಡುತ್ತವೆ ನಿಜ. ಆದರೆ ಮಡಿಸಿಟ್ಟ ಹಾಳೆ ಮಡಿಕೆಯ ಹತ್ತಿರ ಎದ್ದು ನಿಂತಿರುತ್ತದಲ್ಲ, ಆ ಉಬ್ಬನ್ನು ಯಾವ ಮೂಲೆಯೂ ಸರಿ ಮಾಡಲ್ಲ.

ಹಾಗಾದರೆ ಏನನ್ನು ನಂಬಬೇಕು? ಬರೆದ ಅಂಕಿಗಳನ್ನು, ಮತ್ತೆ ಗುರುತುಗಳ ಲೆಕ್ಕವನ್ನು.

ಕುರುಡುಮಲೆಯಲ್ಲಿ ನಮ್ಮ ಚಿಕ್ಕಪ್ಪ ಮನೆ ಕಟ್ಟಿಸಲು ಹೊರಟಿದ್ದಾರೆ. ನಕ್ಷೆಯ ಫೋಟೋ ಕಳಿಸಿ "ಇಂಜಿನಿಯರ್ ಅಲ್ವೇನಪ್ಪಾ ನೀನು, ಸರಿಯಾಗಿದೆಯಾ ನೋಡು" ಅಂದರು. (ಸಾಫ್ಟ್‌ವೇರ್ ಇಂಜಿನಿಯರ್ ಬೇರೆ, ಮನೆ ಕಟ್ಟುವ ಇಂಜಿನಿಯರ್ ಬೇರೆ ಅಂತ ಊರಲ್ಲಿ ಯಾರಿಗೂ ಹೇಳಿ ಪ್ರಯೋಜನವಿಲ್ಲ :) ) ಆ ನಕ್ಷೆಯನ್ನೇ ಇಟ್ಟುಕೊಂಡು ಹೇಳ್ತೀನಿ.

ಮೊದಲು ಗೋಡೆ. ಎರಡು ಸಮಾನಾಂತರ ಗೆರೆ, ನಡುವೆ ಓರೆಗೀಟು ಅಥವಾ ಬಣ್ಣ. ನಮ್ಮ ಕಡೆ ಮಾಲೂರಿನ ಇಟ್ಟಿಗೆ ಹಾಕಿದರೆ ಹೊರಗೋಡೆ 9 ಇಂಚು, ಅಂದರೆ ಒಂದು ಇಟ್ಟಿಗೆಯ ಉದ್ದ. ಒಳಗಿನ ಅಡ್ಡಗೋಡೆ ನಾಲ್ಕೂವರೆ ಇಂಚು, ಇಟ್ಟಿಗೆಯ ಅಗಲ. ಫೋಟೋ ಎಷ್ಟೇ ಕೆಟ್ಟದಾಗಿದ್ದರೂ ಒಂದು ಇನ್ನೊಂದರ ಎರಡರಷ್ಟು ದಪ್ಪ ಅನ್ನೋದು ಕಣ್ಣಿಗೆ ಕಾಣುತ್ತದೆ, ಅಷ್ಟು ಸಾಕು. ಗೋಡೆ ಮಧ್ಯೆ ಪೂರ್ತಿ ಕಪ್ಪು ಚೌಕವಿದ್ದರೆ ಅದು ಪಿಲ್ಲರ್. ಒಂದು ವಿಷಯ ನೆನಪಿರಲಿ: ಇಂಥ ನಕ್ಷೆಗಳಲ್ಲಿ ರೂಮಿನ ಅಳತೆ ಸಾಮಾನ್ಯವಾಗಿ ಇಟ್ಟಿಗೆಯಿಂದ ಇಟ್ಟಿಗೆಗೆ. ಎರಡೂ ಕಡೆ ಅರ್ಧರ್ಧ ಇಂಚು ಪ್ಲಾಸ್ಟರ್ ಬಂದ ಮೇಲೆ 10 ಅಡಿ ರೂಮು 9 ಅಡಿ 11 ಇಂಚು ಆಗುತ್ತದೆ. ಬೀರು ಅಳತೆ ಕೊಡುವಾಗ ಗೊತ್ತಾಗುತ್ತದೆ ಅದರ ಬೆಲೆ.

ಬಾಗಿಲು ಅಂದರೆ ಗೋಡೆಯಲ್ಲಿ ಖಾಲಿ ಜಾಗ, ಒಂದು ಗೆರೆ, ಒಂದು ಕಾಲುವೃತ್ತದ ಕಮಾನು. ಗೆರೆ ಗೋಡೆಗೆ ತಗುಲಿದ ಕಡೆ ಹಿಂಜ್, ಕಮಾನು ಬಾಗಿಲು ಗುಡಿಸಿಕೊಂಡು ಹೋಗುವ ಜಾಗ. ಫೋಟೋ ಮಸುಕಾದರೆ ಈ ತೆಳು ಕಮಾನೇ ಮೊದಲು ಮಾಯವಾಗೋದು. ಆಗ ಬಾಗಿಲಿರುವ ಜಾಗ ಬರೀ ಓಡಾಡುವ ದಾರಿಯಂತೆ ಕಾಣುತ್ತದೆ. ಪಕ್ಕದಲ್ಲಿ ಇಂಗ್ಲಿಷಿನ 'ಡಿ' ಅಕ್ಷರ ಇದೆಯಾ ನೋಡಿ. ಇದ್ದರೆ ಬಾಗಿಲು, 'ಓ' ಇದ್ದರೆ ಬರೀ ಓಪನಿಂಗ್.

ಕಿಟಕಿ ಹೇಳುವ ಮೊದಲು ನಕ್ಷೆ ಅಂದರೇನು ಅಂತ ಒಂದು ಮಾತು. ಕಟ್ಟಿದ ಮನೆಯನ್ನು ನೆಲದಿಂದ ಸುಮಾರು 4 ಅಡಿ ಎತ್ತರದಲ್ಲಿ ಅಡ್ಡಲಾಗಿ ಕೊಯ್ದು, ಮೇಲ್ಭಾಗ ಎತ್ತಿಟ್ಟು, ಮೇಲಿನಿಂದ ಇಣುಕಿ ನೋಡಿದ ಹಾಗೆ. ಕಿಟಕಿ ಆ ಕೊಯ್ತಕ್ಕೆ ಸಿಗುತ್ತದೆ, ಅದಕ್ಕೆ ಗೋಡೆಯೊಳಗೆ ಗಟ್ಟಿ ಗೆರೆಗಳು. ಬಚ್ಚಲಿನ ವೆಂಟಿಲೇಟರ್, ಸಜ್ಜಾ, ಅಟ್ಟ ಎಲ್ಲ ಕೊಯ್ತಕ್ಕಿಂತ ಮೇಲಿರೋದು, ಅದಕ್ಕೆ ತುಂಡುಗೆರೆ. ಅಂದರೆ ತಲೆ ಮೇಲೆ ಏನಿದೆ ಅನ್ನೋದನ್ನು ನಕ್ಷೆ ತುಂಡುಗೆರೆಯಲ್ಲಿ ಪಿಸುಗುಟ್ಟುತ್ತದೆ. ಕೆಲವು ಸಲ ಅದನ್ನೂ ಹೇಳಲ್ಲ.

ಚಿಕ್ಕಪ್ಪನ ನಕ್ಷೆಯಲ್ಲಿ ಆಗಿದ್ದು ಇದೇ. ಮೆಟ್ಟಿಲ ಕೋಣೆ 9 ಅಡಿ 8 ಇಂಚು ಉದ್ದ ಅಂತ ಬರೆದಿತ್ತು. ಹೋಗುವ ಸಾಲು ಒಂದು, ನಡುವೆ 3 ಅಡಿಯ ಲ್ಯಾಂಡಿಂಗ್, ತಿರುಗಿ ಬರುವ ಸಾಲು ಒಂದು. ಬಾಣದ ಗುರುತು ಹತ್ತುವ ದಿಕ್ಕು. ಇನ್ನು ಎಣಿಸುವ ಕೆಲಸ. ಗೆರೆ ಅಂದರೆ ಕಾಲೆತ್ತುವ ಎತ್ತರ, ಎರಡು ಗೆರೆ ನಡುವಿನ ಜಾಗ ಅಂದರೆ ಕಾಲಿಡುವ ಹಾಸು. ಒಂದು ಸಾಲಿಗೆ 9 ಗೆರೆ, ಹಾಗಾಗಿ 8 ಹಾಸು. ಎರಡು ಗೆರೆ ಮಸುಕಾಗಿ ಒಂದಾಗಿ ಕಾಣ್ತಿದ್ದವು, ಆದರೆ ತಾಳೆ ನೋಡೋದು ಸುಲಭ. 9 ಅಡಿ 8 ಇಂಚು ಅಂದರೆ 116 ಇಂಚು, ಲ್ಯಾಂಡಿಂಗಿನ 36 ಕಳೆದರೆ 80. ಎಂಟು ಹಾಸಿಗೆ ತಲಾ 10 ಇಂಚು. ಸರಿಹೋಯ್ತು.

ಈಗ ಎತ್ತರ. ಒಳಗಿನ ಎತ್ತರ 10 ಅಡಿ, ಮೇಲೆ 5 ಇಂಚಿನ ಮೋಲ್ಡು, ಒಟ್ಟು 125 ಇಂಚು. 18ರಿಂದ ಭಾಗಿಸಿದರೆ ಒಂದು ಮೆಟ್ಟಿಲು 7 ಇಂಚಿಗೆ ಕೂದಲೆಳೆ ಕಮ್ಮಿ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಮನೆಗೆ ಕೊಡುವ ಗರಿಷ್ಠ 190 ಮಿಲಿಮೀಟರ್, ಅಂದರೆ ಸುಮಾರು ಏಳೂವರೆ ಇಂಚು. ಒಂದೊಂದು ಸಾಲಿಗೆ ಒಂದು ಗೆರೆ ಕಮ್ಮಿ ಇದ್ದಿದ್ದರೆ 16 ಆಗಿ, ಮೆಟ್ಟಿಲು 7.8 ಇಂಚಿಗೆ ಏರಿ ಮಿತಿ ದಾಟುತ್ತಿತ್ತು. ಹಾಗಾಗಿ ಮೆಟ್ಟಿಲು ಚೆನ್ನಾಗಿಯೇ ಇದೆ.

ಕೆಟ್ಟಿದ್ದು ಅದರ ಕೆಳಗೆ. ಲ್ಯಾಂಡಿಂಗಿನ ಅಡಿಯಲ್ಲಿ ಟಾಯ್ಲೆಟ್, ಅದಕ್ಕೆ ಅಲ್ಲೇ ಒಂದು ಬಾಗಿಲು. ಕಮಾನು, 'ಡಿ' ಅಕ್ಷರ, ಎಲ್ಲ ಅಚ್ಚುಕಟ್ಟು. ಆದರೆ ಲ್ಯಾಂಡಿಂಗ್ ಬರೋದು 9 ಮೆಟ್ಟಿಲ ಎತ್ತರಕ್ಕೆ, ಅಂದರೆ ಅರ್ಧಕ್ಕೆ: ಅರವತ್ತೆರಡೂವರೆ ಇಂಚು. ಅದರ ದಪ್ಪ 5 ಇಂಚು ಕಳೆದರೆ ಉಳಿಯೋದು ಐವತ್ತೇಳೂವರೆ, ಐದಡಿಯೂ ಇಲ್ಲ. ಆರೂವರೆ ಅಡಿ ಬಾಗಿಲು ಎಲ್ಲಿ ಕೂರಬೇಕು? ನಕ್ಷೆಗೆ ಇದು ಗೊತ್ತಾಗಲ್ಲ. ಅದು 4 ಅಡಿಗೇ ಕೊಯ್ದು ನೋಡುತ್ತೆ, 4 ಅಡಿಯಲ್ಲಿ ಏನೂ ಅಡ್ಡ ಇಲ್ಲ! ಮೇಲಿನ ಲ್ಯಾಂಡಿಂಗನ್ನು ಟಾಯ್ಲೆಟ್ಟಿನ ಮೇಲೆ ತುಂಡುಗೆರೆಯಲ್ಲಿ ತೋರಿಸಿದ್ದರೆ ಯಾರಾದರೂ ಕೇಳುತ್ತಿದ್ದರೇನೋ. ಅದೂ ಇರಲಿಲ್ಲ. ಆ ಟಾಯ್ಲೆಟ್ ಬಳಸಬೇಕಾದವರು ಬೆಳಗ್ಗೆ ಎದ್ದ ಕೂಡಲೇ ಬೇಕಾಗುವ ನಮ್ಮಜ್ಜಿ.

ಇದಕ್ಕೆ ಮೇಸ್ತ್ರಿ ಕೊಟ್ಟ ಉತ್ತರ: "ಒಳಗೆ ಒಂದೂವರೆ ಅಡಿ ತಗ್ಗಿಸಿದರಾಯಿತು." ನಾನು ಒಪ್ಪಲ್ಲ. ತಗ್ಗಿಸಿದರೆ ಅಜ್ಜಿ ಕತ್ತಲಲ್ಲಿ ಎರಡು ಮೆಟ್ಟಿಲು ಇಳಿದು ಹತ್ತಬೇಕು. ಜೊತೆಗೆ ಒಳಗಿನ ನೆಲ ಹೊರಗಿನ ಚರಂಡಿ ಪೈಪಿಗಿಂತ ಕೆಳಗಾದರೆ ನೀರು ಹೊರಗೆ ಹರಿಯಲ್ಲ, ಮಳೆಗಾಲದಲ್ಲಿ ಉಲ್ಟಾ ಬರುತ್ತೆ. ತಿರುಗಿ ಬರುವ ಸಾಲು ಮೇಲೇರುತ್ತಾ ಹೋಗುತ್ತದಲ್ಲ, ಅದರ ಐದನೇ ಮೆಟ್ಟಿಲು ದಾಟಿದರೆ ಕೆಳಗೆ ಸುಮಾರು 7 ಅಡಿ ಸಿಗುತ್ತೆ. ಬಾಗಿಲು ಅಲ್ಲಿರಲಿ, ಹಾಲಿನ ಕಡೆಗೆ. ಕಮೋಡೂ ಆ ಎತ್ತರದ ಬದಿಗೇ ಬರಲಿ. ಜಾಗ ಸಾಲದಿದ್ದರೆ ಪಕ್ಕದ ಅಡ್ಡಗೋಡೆ ಹಾಲಿನೊಳಗೆ ಒಂದಡಿ ಸರಿಯಲಿ. ಲ್ಯಾಂಡಿಂಗಿನ ಕೆಳಗೆ ಅಕ್ಕಿ ಮೂಟೆ, ಹಳೇ ಪಾತ್ರೆ ಇಟ್ಟುಕೊಳ್ಳಬಹುದು, ಅವು ತಲೆ ಚಚ್ಚಿಕೊಳ್ಳಲ್ಲ.

ಚಿಕ್ಕಪ್ಪನಿಗೆ ಹೇಳಿದ್ದೀನಿ: ಪಾಯ ತೆಗೆಯೋ ಮುಂಚೆ ಮೆಟ್ಟಿಲ ಕೋಣೆಯನ್ನು ಉದ್ದಕ್ಕೆ ಸೀಳಿ ತೋರಿಸುವ ಸೆಕ್ಷನ್ ಚಿತ್ರ ಒಂದು ಬರೆಸಿ, ಹಾಳೆಯನ್ನು ಗೋಡೆಗೆ ಅಂಟಿಸಿ ಎದುರಿಗೆ ನೇರ ನಿಂತು ಫೋಟೋ ತೆಗೆದು ಕಳಿಸಿ ಅಂತ. ಪೂರ್ತಿ ಹಾಳೆಯದ್ದು ಒಂದು, ಮೆಟ್ಟಿಲದ್ದು ಹತ್ತಿರದಿಂದ ಇನ್ನೊಂದು.