ಗೋಡೆ ನಮ್ಮೂರಿನದು, ಲೆಕ್ಕ ಬೆಂಗಳೂರಿನದು

ಹಾವೇರಿ, ಗದಗ ಕಡೆ ರಸ್ತೆ ಬದಿಯ ಗೋಡೆಗಳನ್ನು ನೋಡಿ. ಸಿಮೆಂಟು, ಬಿತ್ತನೆ ಬೀಜ, ಪಶು ಆಹಾರ, ಎಲ್ಲದರ ಹೆಸರೂ ಅಲ್ಲಿದೆ. ಸಾರಿಗೆ ಬಸ್ಸಿನ ಬೆನ್ನ ಮೇಲೂ ಇದೆ. ಇಷ್ಟು ಬಣ್ಣ ಬಳಿದ ಮೇಲೆ ಕಂಪನಿಗಳು ಕೇಳುವುದು ಒಂದೇ ಪ್ರಶ್ನೆ: ಇದನ್ನು ನೋಡಿ ಎಷ್ಟು ಜನ ಫೋನಿನಲ್ಲಿ ನಮ್ಮ ಹೆಸರು ಹುಡುಕಿದರು, ಎಷ್ಟು ಜನ ನೇರವಾಗಿ ನಮ್ಮ ವೆಬ್‌ಸೈಟಿಗೆ ಬಂದರು? ಪ್ರಶ್ನೆ ಸರಿಯಾಗಿದೆ. ಉತ್ತರ ತೆಗೆಯುವ ರೀತಿ ಮಾತ್ರ ಹಳ್ಳಿಗೆ ಮಾಡುವ ಮೋಸ ಎನ್ನುತ್ತೇವೆ ನಾವು. ಆ ಉತ್ತರ ನೋಡಿಯೇ ಮುಂದಿನ ವರ್ಷ ಗೋಡೆ ಬರೆಯುವವರಿಗೆ, ತಾಲ್ಲೂಕಿನ ಸಣ್ಣ ಪತ್ರಿಕೆಗೆ ಜಾಹೀರಾತು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ಮೊದಲು ಊರಿನ ವಿಷಯ. ವೆಬ್‌ಸೈಟಿಗೆ ಬಂದವರು ಯಾವ ಊರಿನವರು ಎಂದು ಗೂಗಲ್ ಅನಲಿಟಿಕ್ಸ್ ಅಂದಾಜು ಮಾಡುವುದು ಇಂಟರ್ನೆಟ್ ವಿಳಾಸದಿಂದ. ಮೊಬೈಲ್ ಡೇಟಾ ದೊಡ್ಡ ನಗರದ ಕೇಂದ್ರದ ಮೂಲಕ ಹಾದು ಹೋಗುವುದರಿಂದ, ರೋಣದಲ್ಲಿ ಕೂತು ನೋಡಿದವರೂ ಎಷ್ಟೋ ಸಲ ಬೆಂಗಳೂರಿನವರಾಗಿ ದಾಖಲಾಗುತ್ತಾರೆ. ಹೆಸರು ಹುಡುಕಿದವರ ಲೆಕ್ಕ ಕೊಡುವ ಸರ್ಚ್ ಕನ್ಸೋಲ್‌ನಲ್ಲಂತೂ ದೇಶದ ಹೆಸರು ಬಿಟ್ಟರೆ ರಾಜ್ಯವೂ ಇಲ್ಲ, ಜಿಲ್ಲೆಯೂ ಇಲ್ಲ. ಹೀಗಿರುವಾಗ 'ಗದಗದಲ್ಲಿ ಏನೂ ಏರಿಕೆ ಇಲ್ಲ, ಬೆಂಗಳೂರಿನಲ್ಲಿ ಚೆನ್ನಾಗಿದೆ' ಎಂದು ಸಭೆಯಲ್ಲಿ ಹೇಳುವವರಿಗೆ ಏನು ಹೇಳೋಣ?

ಇನ್ನು ಭಾಷೆ. ಬ್ರ್ಯಾಂಡ್ ಹುಡುಕಾಟ ಎಂದರೆ ಇಂಗ್ಲಿಷ್ ಅಕ್ಷರದ ಹೆಸರನ್ನಷ್ಟೇ ಸೋಸಿ ಎಣಿಸುತ್ತಾರೆ. ನಮ್ಮವರು ಕನ್ನಡದಲ್ಲಿ ಟೈಪ್ ಮಾಡುತ್ತಾರೆ, ಮೈಕ್ ಒತ್ತಿ ಮಾತಾಡುತ್ತಾರೆ, ಕಿವಿಗೆ ಬಿದ್ದ ಹಾಗೆ ಬರೆಯುತ್ತಾರೆ. ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಖಾಸಗಿತನದ ಕಾರಣಕ್ಕೆ ಗೂಗಲ್ಲೇ ಪಟ್ಟಿಯಿಂದ ಮರೆಮಾಡುತ್ತದೆ. ಉಳಿದವನ್ನಾದರೂ ಎಲ್ಲ ಕಾಗುಣಿತಗಳ ಸಮೇತ ಎಣಿಸಬೇಕಲ್ಲವೇ?

ನೇರ ಭೇಟಿಯ ಕಥೆ ತಿರುಗುಮುರುಗು. 'ಡೈರೆಕ್ಟ್' ಎಂಬ ಸಾಲಿನಲ್ಲಿ ವಿಳಾಸ ಟೈಪ್ ಮಾಡಿದವರಷ್ಟೇ ಇರುವುದಿಲ್ಲ. ಎಲ್ಲಿಂದ ಬಂದರೆಂದು ಗೊತ್ತಾಗದವರೆಲ್ಲ ಅಲ್ಲೇ ಬೀಳುತ್ತಾರೆ. ವಾಟ್ಸಾಪ್ ಲಿಂಕ್ ಒತ್ತಿ ಬಂದವರು ಬಹುಪಾಲು ಅಲ್ಲಿಗೇ. ಡೀಲರ್ ಒಬ್ಬರು ಗ್ರೂಪಿಗೆ ಬೆಲೆಪಟ್ಟಿಯ ಲಿಂಕ್ ಹಾಕಿದರೂ ಗೋಡೆಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಗೋಡೆ ನೋಡಿದವರು ಸಾಮಾನ್ಯವಾಗಿ ಮುಖಪುಟಕ್ಕೆ ಬರುತ್ತಾರೆ, ವಾಟ್ಸಾಪಿನವರು ಒಳಪುಟಕ್ಕೆ. ಹಾಗಾಗಿ ಮುಖಪುಟದ ನೇರ ಭೇಟಿಯನ್ನಷ್ಟೇ ತೆಗೆದುಕೊಂಡರೆ ಅರ್ಧ ಗೊಂದಲ ಕಡಿಮೆ.

ಎಲ್ಲಕ್ಕಿಂತ ದೊಡ್ಡ ಸುಳ್ಳು 'ಮೊದಲು ಇಷ್ಟಿತ್ತು, ಈಗ ಇಷ್ಟಾಯಿತು' ಎನ್ನುವುದು. ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಪಶು ಆಹಾರದ ಕಂಪನಿಯೊಂದು ಹಾವೇರಿ, ಗದಗದಲ್ಲಿ ಗೋಡೆ ಬರೆಸಿತು. ದಾವಣಗೆರೆ, ಚಿತ್ರದುರ್ಗದಲ್ಲಿ ಬರೆಸಲಿಲ್ಲ. ವೆಬ್‌ಸೈಟು ಬೆಲೆ ತೋರಿಸುವ ಮುಂಚೆ ಪಿನ್‌ಕೋಡ್ ಕೇಳುತ್ತದೆ, ಆದ್ದರಿಂದ ಜಿಲ್ಲೆ ಗೊತ್ತಾಗುತ್ತದೆ. ಹೆಸರು ಹುಡುಕಿ ಬಂದವರು, ನೇರ ಬಂದವರು ಸೇರಿ ಗೋಡೆ ಬರೆಸಿದ ಕಡೆ ವಾರಕ್ಕೆ 400 ಇದ್ದದ್ದು 600 ಆಯಿತು. ಏಜೆನ್ಸಿ '200 ನಮ್ಮದೇ' ಎಂದಿತು. ಆದರೆ ಗೋಡೆ ಇಲ್ಲದ ಕಡೆಯೂ 500 ಇದ್ದದ್ದು 600 ಆಗಿದೆ. ಹಸಿ ಮೇವು ಮುಗಿಯುತ್ತಾ ಬಂದಾಗ ಎಲ್ಲ ಕಡೆ ಜನ ಹಿಂಡಿ, ಬೂಸಾದ ಬೆಲೆ ಹುಡುಕುತ್ತಾರೆ! ಅಲ್ಲಿ ಏರಿದ್ದು ನೂರಕ್ಕೆ 20. ಅದೇ ಗತಿಯಲ್ಲಿ ಗೋಡೆ ಇಲ್ಲದಿದ್ದರೂ 400 ಎಂಬುದು 480 ಆಗುತ್ತಿತ್ತು. ಹಾಗಾದರೆ ಗೋಡೆಯ ಪಾಲು 120. 200 ಅಲ್ಲ, ಸೊನ್ನೆಯೂ ಅಲ್ಲ.

ಆ 120 ಕೂಡ ನಿಜವೋ ಕಾಕತಾಳೀಯವೋ ಎಂದು ನೋಡಬೇಕು. ಹಿಂದಿನ 12 ವಾರಗಳಲ್ಲಿ ಗೋಡೆ ಕಡೆಯ ಸಂಖ್ಯೆಯನ್ನು ಇನ್ನೊಂದು ಕಡೆಯದರಿಂದ ಭಾಗಿಸಿ. ಸರಾಸರಿ 0.8. ಅದು ವಾರದಿಂದ ವಾರಕ್ಕೆ 0.72ರಿಂದ 0.88ರ ನಡುವೆ ಓಲಾಡುತ್ತಿತ್ತು ಎಂದಿಟ್ಟುಕೊಳ್ಳಿ. ಈಗ 1.0ಕ್ಕೆ ಬಂದು ಹಲವು ವಾರ ಅಲ್ಲೇ ನಿಂತರೆ ನಂಬಬಹುದು. ಮೊದಲೇ 0.6ರಿಂದ 1.1ರವರೆಗೆ ಜಿಗಿದಾಡುತ್ತಿದ್ದರೆ ಈ ಲೆಕ್ಕ ಏನನ್ನೂ ಸಾಬೀತು ಮಾಡುವುದಿಲ್ಲ. ಒಂದು ಕಡೆ ಮಾತ್ರ ಕಾಲುಬಾಯಿ ರೋಗವೋ ಡೀಲರ್ ಮೇಳವೋ ಬಂದಿದ್ದರೆ ಆ ವಾರಗಳನ್ನೂ ಬಿಡಬೇಕು.

ಇದಕ್ಕೆ ದೊಡ್ಡ ತಂತ್ರಜ್ಞಾನ ಬೇಕಿಲ್ಲ. ತಾಲ್ಲೂಕುಗಳ ಹೆಸರು ಚೀಟಿ ಎತ್ತಿ ಅರ್ಧದಲ್ಲಿ ಈ ತಿಂಗಳು, ಉಳಿದರ್ಧದಲ್ಲಿ ಎರಡು ತಿಂಗಳು ಬಿಟ್ಟು ಗೋಡೆ ಬರೆಸಿದರೆ ಹೋಲಿಕೆ ತಾನಾಗಿ ಸಿಗುತ್ತದೆ. ಏಜೆನ್ಸಿಗಳು ಇದನ್ನು ಒಪ್ಪುವುದು ಕಷ್ಟ. 200ರ ಬಿಲ್ಲು 120ಕ್ಕೆ ಇಳಿಯುತ್ತದಲ್ಲ. ಕಂಪನಿಯ ಕಚೇರಿಯವರಿಗೂ ಬೇಕಿಲ್ಲ. ಪರದೆಯ ನಕ್ಷೆಯಲ್ಲಿ ಬೆಂಗಳೂರು ಕಂಡರೆ ಅವರಿಗೆ ಅಷ್ಟೇ ಸಾಕು. ನಿಮ್ಮ ಗೋಡೆ ಕೇಳಿಕೊಂಡು ಬಂದವರನ್ನು ಈ ಸಲ ಒಂದು ಮಾತು ಕೇಳಿ: ನಿಮ್ಮ ವೆಬ್‌ಸೈಟು ನಮ್ಮ ಪಿನ್‌ಕೋಡ್ ಕೇಳುತ್ತದೆಯೇ?