ಮೊದಲು ಉತ್ತರ, ಆಮೇಲೆ ಪ್ರಬಂಧ

ಐಇಎಲ್‌ಟಿಎಸ್ ಬರೆಯುವವರಿಗೂ ಬರೆಸುವವರಿಗೂ ಒಂದು ಮನವಿ

ಐಇಎಲ್‌ಟಿಎಸ್ ಬರವಣಿಗೆ ಪರೀಕ್ಷೆಯ ಎರಡನೇ ಪ್ರಶ್ನೆಗೆ ಸುಮಾರು 40 ನಿಮಿಷ. ಅಷ್ಟರಲ್ಲಿ ಕನಿಷ್ಠ 250 ಪದಗಳ ಇಂಗ್ಲಿಷ್ ಪ್ರಬಂಧ ಮುಗಿಯಬೇಕು. ಇದಕ್ಕಾಗಿ ನಮ್ಮ ಅಭ್ಯರ್ಥಿಗಳು ಪದಪಟ್ಟಿ, ವ್ಯಾಕರಣಗಳನ್ನೇ ತಿಂಗಳುಗಟ್ಟಲೆ ಓದುತ್ತಾರೆ. ಆದರೆ ಅಂಕ ಕೊಡುವ ನಾಲ್ಕು ಮಾನದಂಡಗಳಲ್ಲಿ ಅವೆರಡರದ್ದು ಅರ್ಧ ಪಾಲು ಮಾತ್ರ. ಇನ್ನರ್ಧ ಇರುವುದು ಪ್ರಶ್ನೆಗೆ ಸರಿಯಾದ ಉತ್ತರ ಬಂದಿದೆಯೇ, ವಿಚಾರ ಕ್ರಮವಾಗಿ ಸಾಗಿದೆಯೇ ಎಂಬುದಕ್ಕೆ.

ಆದ್ದರಿಂದ ನಮ್ಮ ವಾದ ಇಷ್ಟು: ಮೊದಲ ಐದು ನಿಮಿಷ ಪ್ರಬಂಧ ಬರೆಯಲೇಬೇಡಿ. ನಿಮ್ಮ ಉತ್ತರವನ್ನೂ ಅದರ ಕಾರಣಗಳನ್ನೂ ನಾಲ್ಕು ಸಾಲಲ್ಲಿ ಗುರುತು ಹಾಕಿಕೊಳ್ಳಿ.

ಒಂದು ಪ್ರಶ್ನೆ ನೋಡೋಣ: ‘ನಗರದ ಮಧ್ಯಭಾಗಕ್ಕೆ ಖಾಸಗಿ ಕಾರುಗಳನ್ನು ಬಿಡಬಾರದು. ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’

ಯೋಚಿಸದೆ ಪೆನ್ನು ಹಿಡಿದವರ ಪ್ರಬಂಧ ಹೀಗಿರುತ್ತದೆ. ಪೀಠಿಕೆಯಲ್ಲಿ ವಾಹನಗಳು ಬೆಳೆದುಬಂದ ಕಥೆಗೇ ಎಂಬತ್ತು ಪದ ಖರ್ಚು. ಎರಡನೇ ಪ್ಯಾರಾದಲ್ಲಿ ಹೊಗೆ, ಅಂಗಡಿಯವರ ನಷ್ಟ, ಮತ್ತೆ ಹೊಗೆ. ಮೂರನೆಯದರಲ್ಲಿ ಬಸ್ಸುಗಳ ಕೊರತೆ. ‘ನಾನು ಒಪ್ಪುತ್ತೇನೆ’ ಎಂಬ ಮಾತು ಕೊನೆಯ ಪ್ಯಾರಾದಲ್ಲಿ, ಅದರ ಬೆನ್ನಿಗೇ ಸೈಕಲ್ ದಾರಿಯೆಂಬ ಹೊಸ ವಿಚಾರ. ಬರೆದವರ ನಿಲುವು ತಿಳಿಯಲು ಪರೀಕ್ಷಕರು ಕೊನೆಯವರೆಗೆ ಕಾಯಬೇಕು.

ಇದೇ ಸರಕನ್ನು ಹೀಗೆ ಜೋಡಿಸಿ:

1. ಪೀಠಿಕೆ: ಎರಡೇ ವಾಕ್ಯ. ಮೊದಲನೆಯದು ಪ್ರಶ್ನೆಯ ವಿಷಯ, ನಿಮ್ಮದೇ ಮಾತಿನಲ್ಲಿ. ಎರಡನೆಯದು ನಿಲುವು: ಬಸ್ಸು, ಮೆಟ್ರೋ ಚೆನ್ನಾಗಿರುವ ನಗರಗಳಲ್ಲಿ ಈ ನಿಷೇಧ ಸರಿ.

2. ಮೊದಲ ಕಾರಣ: ಹೊಗೆ ಮಾತ್ರ. ಅದಕ್ಕೊಂದು ಉದಾಹರಣೆ.

3. ಎದುರುವಾದ: ಗಿರಾಕಿ ಕಡಿಮೆಯಾದೀತೆಂಬ ಅಂಗಡಿಯವರ ಆತಂಕವನ್ನು ಮೊದಲ ವಾಕ್ಯದಲ್ಲೇ ಹೇಳಿ. ಒಳ್ಳೆಯ ಬಸ್ಸುಗಳಿದ್ದರೆ ಜನ ಬರುತ್ತಾರೆಂದು ಉತ್ತರಿಸಿ. ಬಸ್ಸಿನ ಮಾತಿಗೆ ಜಾಗ ಇದೇ.

4. ಮುಕ್ತಾಯ: ನಿಲುವನ್ನು ಬೇರೆ ಪದಗಳಲ್ಲಿ ಮತ್ತೆ ಹೇಳಿ. ಸೈಕಲ್ ದಾರಿ ಬಿಟ್ಟುಬಿಡಿ.

ಹೀಗೆ ಗುರುತು ಹಾಕಿಕೊಂಡ ಮೇಲೆ ಬರೆಯಲು ಮೂವತ್ತು ನಿಮಿಷ, ತಿದ್ದಲು ಐದು ನಿಮಿಷ ಉಳಿಯುತ್ತದೆ. ಕಂಪ್ಯೂಟರ್‌ನಲ್ಲಿ ಬರೆಯುವವರು ದಾರಿತಪ್ಪಿದ ವಾಕ್ಯವನ್ನು ಕತ್ತರಿಸಿ ಅದರ ಜಾಗಕ್ಕೆ ಅಂಟಿಸಬಹುದು. ಕಾಗದದ ಮೇಲೆ ಬರೆಯುವವರಿಗೆ ಇಡೀ ಪ್ಯಾರಾದ ಸ್ಥಳ ಬದಲಿಸಲು ಹೊತ್ತಿರುವುದಿಲ್ಲ. ಅವರಿಗೆ ಮೊದಲ ಐದು ನಿಮಿಷವೇ ಆಧಾರ.

ಕ್ರಮ ಸರಿಯಿದೆಯೇ ಎಂದು ತಿಳಿಯಲು ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು, ಪೀಠಿಕೆಯಲ್ಲಾದರೆ ನಿಲುವಿನ ವಾಕ್ಯವನ್ನು, ಒಂದರ ಕೆಳಗೊಂದು ಓದಿ. ಅಷ್ಟರಿಂದಲೇ ನಿಮ್ಮ ಉತ್ತರವೂ ಅದರ ಕಾರಣವೂ ತಿಳಿದರೆ ಕಟ್ಟು ಗಟ್ಟಿಯಾಗಿದೆ. ಎರಡು ವಾಕ್ಯಗಳನ್ನು ಅದಲುಬದಲು ಮಾಡಿದರೂ ವ್ಯತ್ಯಾಸ ಕಾಣದಿದ್ದರೆ ಕ್ರಮಕ್ಕೆ ಕಾರಣವಿಲ್ಲವೆಂದೇ ಅರ್ಥ.

ತರಬೇತಿ ಕೊಡುವ ಶಿಕ್ಷಕರೇ, ಎಲ್ಲ ಪ್ರಶ್ನೆಗಳಿಗೂ ಹೊಂದುವ ಪೀಠಿಕೆಯನ್ನು ಬಾಯಿಪಾಠ ಮಾಡಿಸಬೇಡಿ. ಎಲ್ಲಕ್ಕೂ ಹೊಂದುವ ಪೀಠಿಕೆ ಯಾವ ಪ್ರಶ್ನೆಗೂ ಉತ್ತರವಾಗದು. ಹೊಸ ಪ್ರಬಂಧ ಬರೆಸುವ ಮುನ್ನ ಹಳೆಯದೊಂದನ್ನು ಮರುಜೋಡಣೆ ಮಾಡಿಸಿ. ಅಭ್ಯರ್ಥಿಗಳೇ, ನಿಮ್ಮ ಹಿಂದಿನ ಪ್ರಬಂಧವನ್ನು ಇಂದೇ ತೆಗೆದು, ನಿಲುವು ಎಷ್ಟನೇ ವಾಕ್ಯದಲ್ಲಿದೆ ಎಂದು ನೋಡಿ. ಎರಡನೆಯದರಲ್ಲಿ ಇಲ್ಲದಿದ್ದರೆ ಅಲ್ಲಿಗೆ ತನ್ನಿ.