ತುಟಿಯ ಬಣ್ಣವೂ ಸಣ್ಣ ಅಕ್ಷರದ ಚೀಟಿಯೂ

ಕಳೆದ ಡಿಸೆಂಬರಿನಲ್ಲಿ ಮದುವೆಯ ಸಿದ್ಧತೆಗೆಂದು ಅಕ್ಕಲಕೋಟೆಗೆ ಹೋಗಿದ್ದಾಗ ತಂಗಿಯ ಮಗಳು ತನ್ನ ಒಡೆದ ತುಟಿಯನ್ನು ತೋರಿಸಿ ಕೇಳಿದಳು: "ಮಾಮಾ, ದಿನಕ್ಕ ಹತ್ತ ಸಲ ಬಾಮ್ ಹಚ್ಚತೀನಿ, ಆದ್ರೂ ತುಟಿ ಒಡೀತಾವ. ಯಾಕ?" ಅವಳ ಕೈಚೀಲದಲ್ಲಿ ಎರಡು ವಸ್ತುಗಳಿದ್ದವು. ಒಂದು, ಇಡೀ ದಿನ ಅಳಿಸದ ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್. ಇನ್ನೊಂದು, ಹಚ್ಚಿದೊಡನೆ ತಂಪೆನಿಸುವ ಲಿಪ್ ಬಾಮ್. ಕಾಗದಪತ್ರದ ಸಣ್ಣ ಅಕ್ಷರಗಳನ್ನು ಓದುವುದೇ ನನ್ನ ವೃತ್ತಿಯಾದ್ದರಿಂದ ಎರಡರ ಪೆಟ್ಟಿಗೆಗಳನ್ನೂ ಬೆಳಕಿಗೆ ಹಿಡಿದು ಓದಿದೆ. ಅವಳ ಪ್ರಶ್ನೆಗೆ ಉತ್ತರ ಅಲ್ಲಿಯೇ ಇತ್ತು.

ಮೊದಲು ತುಟಿಯ ಸ್ವಭಾವವನ್ನು ತಿಳಿಯಬೇಕು. ಮೈಯ ಇತರ ಚರ್ಮವು ತನ್ನದೇ ಜಿಡ್ಡನ್ನು ಒಸರಿಸಿ ಒಳಗಿನ ನೀರನ್ನು ಕಾಯ್ದುಕೊಳ್ಳುತ್ತದೆ. ತುಟಿಯ ಕೆಂಪು ಭಾಗದಲ್ಲಿ ಅಂಥ ಗ್ರಂಥಿಗಳು ಇಲ್ಲವೆನ್ನುವಷ್ಟು ಕಡಿಮೆ. ಮೇಲಿನ ಪದರವೂ ಬಲು ತೆಳು. ಆದ್ದರಿಂದ ಹೊರಗಿನಿಂದ ಹಚ್ಚುವ ಜಿಡ್ಡೇ ಅದಕ್ಕೆ ಹೊದಿಕೆ.

ಲಿಪ್‌ಸ್ಟಿಕ್ಕಿನ ಹೊಳಪು, ಅರೆಹೊಳಪು, ಮ್ಯಾಟ್ ಎಂಬ ಭೇದಗಳು ಹುಟ್ಟುವುದು ಈ ಜಿಡ್ಡಿನ ಪ್ರಮಾಣದಿಂದಲೇ. ಕಡ್ಡಿಯ ರೂಪದ ಸಾಮಾನ್ಯ ಲಿಪ್‌ಸ್ಟಿಕ್ಕಿನಲ್ಲಿ ಮೇಣ, ಎಣ್ಣೆ ಮತ್ತು ಬಣ್ಣ ಇರುತ್ತವೆ. ಎಣ್ಣೆ ಹೆಚ್ಚಾಗಿ ನಮ್ಮ ಔಡಲ ಎಣ್ಣೆಯೇ. ಎಣ್ಣೆಯ ಪಾಲು ಹೆಚ್ಚಿದರೆ ಹೊಳಪು, ಸ್ವಲ್ಪ ತಗ್ಗಿದರೆ ಸ್ಯಾಟಿನ್. ಎಣ್ಣೆ ಇನ್ನೂ ತಗ್ಗಿ, ಸಿಲಿಕಾದಂಥ ಜಿಡ್ಡು ಹೀರುವ ಪುಡಿ ಸೇರಿದರೆ ಮ್ಯಾಟ್. ದ್ರವರೂಪದ ಮ್ಯಾಟ್‌ನ ರೀತಿಯೇ ಬೇರೆ. ಅವಳ ಪೆಟ್ಟಿಗೆಯ ಪಟ್ಟಿಯಲ್ಲಿ ಮೊದಲ ಹೆಸರು ಐಸೊಡೊಡೆಕೇನ್, ಎರಡನೆಯದು ಟ್ರೈಮೀಥೈಲ್‌ಸಿಲಾಕ್ಸಿಸಿಲಿಕೇಟ್. ಮೊದಲನೆಯದು ಹಚ್ಚಿದ ಕೆಲವೇ ನಿಮಿಷಗಳಲ್ಲಿ ಆವಿಯಾಗಿ ಹೋಗುವ ದ್ರವ. ಎರಡನೆಯದು ಅದು ಹೋದ ಮೇಲೆ ತುಟಿಗೆ ಅಂಟಿ ಗಟ್ಟಿಯಾಗುವ ಪೊರೆ. ಚಹಾ ಕುಡಿದರೂ ಬಣ್ಣ ಲೋಟಕ್ಕೆ ಹತ್ತದಿರುವುದು ಈ ಪೊರೆಯ ಗುಣ. ತುಟಿ ಬಿಗಿದಂತಾಗುವುದೂ, ಮಾತನಾಡುವಾಗ ಗೆರೆಗೆರೆಯಾಗಿ ಬಿರಿಯುವುದೂ ಅದರದೇ ಗುಣ. ರಾತ್ರಿ ಅದನ್ನು ಸಾಬೂನು ಹಚ್ಚಿ ಉಜ್ಜಿದರೆ ಪೊರೆಯೊಂದಿಗೆ ತೆಳುಚರ್ಮವೂ ಕಿತ್ತು ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿ ಒಂದೆರಡು ನಿಮಿಷ ಬಿಟ್ಟು, ಅದು ಸಡಿಲವಾದ ಮೇಲೆ ಮೆತ್ತನೆಯ ಬಟ್ಟೆಯಿಂದ ಒರೆಸುವುದು ಸರಿ.

ಇನ್ನು ಬಾಮ್. ಅದರಲ್ಲಿ ಜೇನುಮೇಣದ ಜೊತೆಗೆ ಮೆಂಥಾಲ್, ಕರ್ಪೂರ ಮತ್ತು ಸುವಾಸನೆ ಇದ್ದವು. ಮೆಂಥಾಲ್ ಕೊಡುವ ತಂಪು ನರಗಳ ಅನುಭವವಷ್ಟೆ. ಅದರಿಂದ ತುಟಿಗೆ ಒಂದು ಹನಿ ನೀರೂ ಸೇರುವುದಿಲ್ಲ. ಬಿರಿದ ತುಟಿಗೆ ಮೆಂಥಾಲ್, ಕರ್ಪೂರ, ದಾಲ್ಚಿನ್ನಿ ಎಣ್ಣೆ ಇವು ಕೆರಳಿಕೆ ತರುತ್ತವೆ. ಕೆರಳಿದ ತುಟಿ ಒಣಗಿದಂತೆನಿಸುತ್ತದೆ, ಮತ್ತೆ ಬಾಮ್ ಹಚ್ಚುತ್ತೇವೆ, ಮತ್ತೆ ಕೆರಳುತ್ತದೆ. ನಡುವೆ ಸಿಹಿಯಾದ ಸುವಾಸನೆಗೆ ನಾಲಿಗೆ ಚಾಚುತ್ತದೆ. ಎಂಜಲು ಆರುವಾಗ ತುಟಿ ಇನ್ನಷ್ಟು ಒಣಗುತ್ತದೆ. ಹತ್ತು ಸಲ ಹಚ್ಚಿದ್ದೇ ಒಡೆಯುವುದಕ್ಕೆ ಒಂದು ಕಾರಣವಾಗಿತ್ತು.

ಇಲ್ಲಿ ಕಾನೂನಿನ ಒಂದು ಮಾತು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಘಟಕಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಬರೆಯಬಹುದು. ಆದರೆ 30 ಗ್ರಾಂಗಿಂತ ಕಡಿಮೆ ತೂಕದ ಘನ ಪದಾರ್ಥಗಳಿಗೂ 60 ಮಿಲಿಲೀಟರಿಗಿಂತ ಕಡಿಮೆ ದ್ರವಗಳಿಗೂ ಈ ಪಟ್ಟಿಯಿಂದ ವಿನಾಯಿತಿ ಇದೆ. ಲಿಪ್‌ಸ್ಟಿಕ್ ತೂಗುವುದು ಮೂರು ನಾಲ್ಕು ಗ್ರಾಂ. ಅಂದರೆ ಪಟ್ಟಿ ಇಲ್ಲದ ಲಿಪ್‌ಸ್ಟಿಕ್ ಮಾರುವುದು ತಪ್ಪಲ್ಲ. ಪಟ್ಟಿ ಇರುವುದನ್ನೇ ಆರಿಸಿ, ಪೆಟ್ಟಿಗೆಯನ್ನು ಎಸೆಯದೆ ಇಡುವುದು ನಮ್ಮ ಜಾಣತನ.

ಅವಳಿಗೆ ಹೇಳಿದ್ದು ಇಷ್ಟು. ಎರಡು ವಾರ ಎಲ್ಲವನ್ನೂ ಬಿಟ್ಟು, ವಾಸನೆಯಿಲ್ಲದ ಬರೀ ಪೆಟ್ರೋಲಿಯಂ ಜೆಲ್ಲಿಯನ್ನು ಹಚ್ಚು. ತುಟಿ ಮಾಗಿದ ಮೇಲೆ ಒಂದೊಂದೇ ವಸ್ತುವನ್ನು, ನಡುವೆ ಕೆಲವು ದಿನ ಬಿಟ್ಟು, ಮತ್ತೆ ಬಳಸಿ ನೋಡು. ಯಾವುದನ್ನು ಹಚ್ಚಿದಾಗ ಉರಿ ಮರಳುತ್ತದೆಯೋ ಅದೇ ಅಪರಾಧಿ. ಕೆಂಪು, ತುರಿಕೆ, ಹೊಪ್ಪಳೆಗಳು ತುಟಿಯ ಅಂಚು ದಾಟಿ ಚರ್ಮಕ್ಕೆ ಹರಡಿದರೆ ಅದು ಅಲರ್ಜಿಯಾಗಿರಬಹುದು. ಔಡಲ ಎಣ್ಣೆಯೂ ಕೆಲವರಿಗೆ ಒಗ್ಗದು. ಆಗ ಚರ್ಮವೈದ್ಯರ ಬಳಿಗೆ ಹೋಗಬೇಕು.

ಜನವರಿಯ ಮದುವೆಯ ಹೊತ್ತಿಗೆ ಅವಳ ತುಟಿ ಮಾಗಿತ್ತು. ಬಾಮ್ ಹಚ್ಚಿದ ಮೂರನೆಯ ದಿನವೇ ಉರಿ ಮರಳಿದ್ದರಿಂದ ಅದನ್ನು ಕೈಬಿಟ್ಟಳು. ಮ್ಯಾಟ್ ಅನ್ನು ಮಾತ್ರ ಬಿಡಲಿಲ್ಲ. ಅಕ್ಷತೆಯ ದಿನಕ್ಕೆಂದು ಇಟ್ಟುಕೊಂಡಳು. ಕಾಲೇಜಿಗೆ ಹೋಗುವ ದಿನಗಳಿಗೆ ಸ್ಯಾಟಿನ್ ಕಡ್ಡಿಯೊಂದನ್ನು ಕೊಂಡಳು, ಪೆಟ್ಟಿಗೆಯ ಪಟ್ಟಿಯನ್ನು ತಾನೇ ಓದಿ.